ಭಾಗ ಮುಗಿದ ರಾತ್ರಿ, ಪುಸ್ತಕ ಮುಚ್ಚಿಟ್ಟು

“ಮಾನ್ಯರೇ, ‘ಅನ್ನಾ ಕರೆನಿನಾ’ ಓದುತ್ತಿದ್ದೇನೆ. ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮಸುಕಾಗಿದೆ. ಅಧ್ಯಾಯಕ್ಕೊಂದು ಟಿಪ್ಪಣಿ ಬರೆಯತೊಡಗಿದ್ದೆ, ಹದಿನೈದು ದಿನಕ್ಕೇ ಸಾಕಾಯಿತು. ಬೇರೆ ದಾರಿ ಇದೆಯೇ?”
— ಓದುಗರೊಬ್ಬರು, ಹಾಸನ

ಸಾಕಾಗದೆ ಇನ್ನೇನು? ಟಾಲ್‌ಸ್ಟಾಯ್‌ರ ಆ ಕಾದಂಬರಿಯಲ್ಲಿ ಅಧ್ಯಾಯಗಳು 239. ಒಂದೊಂದಕ್ಕೂ ಬರೆಯುತ್ತ ಕೂತರೆ ನೀವು ಓದುಗರಲ್ಲ, ಶಾನುಭೋಗರು. ಭಾಗಗಳಾದರೋ ಎಂಟೇ. ಎಂಟು ಸಲ ಬರೆಯಿರಿ.

ಭಾಗ ಮುಗಿದ ದಿನವೇ, ತಪ್ಪಿದರೆ ಮರುದಿನ ಬೆಳಿಗ್ಗೆ, ಪುಸ್ತಕ ಮುಚ್ಚಿಟ್ಟು ಬರೆಯಬೇಕು. ತೆರೆದಿಟ್ಟು ಬರೆದರೆ ನಕಲಾಗುತ್ತದೆ. ಮುಚ್ಚಿಟ್ಟಾಗ ತಲೆ ತಡಕಾಡುತ್ತದೆ, ಆ ತಡಕಾಟದಲ್ಲೇ ಕಥೆ ಗಟ್ಟಿಯಾಗಿ ಕೂರುತ್ತದೆ. ನೋಟ್‌ಬುಕ್ಕಿನ ಎಡಪುಟಕ್ಕೆ ಕಥೆ, ಬಲಪುಟಕ್ಕೆ ನಿಮ್ಮ ಮನಸ್ಸಿಗೆ ಬಂದದ್ದು. ಬಲಪುಟದ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಎಡಪುಟದಲ್ಲಿ ‘ಆಮೇಲೆ, ಆಮೇಲೆ’ ಎಂದೇ ಬರುತ್ತಿದ್ದರೆ ಎಲ್ಲೋ ಕೊಂಡಿ ತಪ್ಪಿದೆ ಎಂದು ತಿಳಿಯಿರಿ. ‘ಆದ್ದರಿಂದ’, ‘ಆದರೂ’ ಎಂದು ಬರೆಯಲು ಆಗದ ಕಡೆಗಳನ್ನಷ್ಟೇ ಆಮೇಲೆ ಪುಸ್ತಕ ತೆರೆದು ನೋಡಿ.

ನನ್ನದೇ ಹಳೆಯ ಪುಟವೊಂದು ಎದುರಿಗಿದೆ. ಮೊದಲ ಭಾಗ ಮುಗಿಸಿ ಎಡಕ್ಕೆ ಬರೆದಿದ್ದೆ: ‘ಮಾಸ್ಕೋ ನಿಲ್ದಾಣದಲ್ಲಿ ಕಾವಲುಗಾರ ರೈಲಿಗೆ ಸಿಕ್ಕಿ ಸತ್ತ. ಅವನ ಹೆಂಡತಿಗೆಂದು ವ್ರೋನ್‌ಸ್ಕಿ 200 ರೂಬಲ್ ಕೊಟ್ಟ.’ ಬಲಕ್ಕೆ: ‘ದೊಡ್ಡ ಮನಸ್ಸು.’ ಸರಿನೋಡಲು ಪುಸ್ತಕ ತೆರೆದಾಗ ನಾನು ದಾಟಿಹೋಗಿದ್ದ ಜಾಗ ಸಿಕ್ಕಿತು. ವ್ರೋನ್‌ಸ್ಕಿಯನ್ನು ಮದುವೆಯಾಗುವ ಆಸೆಯಲ್ಲಿರುವ ಕಿಟಿಯ ಮುಂದೆ ಅನ್ನಾ ಅವನ ಒಳ್ಳೆಯತನವನ್ನೆಲ್ಲ ಹೇಳುತ್ತಾಳೆ, ಆ 200 ರೂಬಲ್ಲಿನ ಮಾತು ಮಾತ್ರ ಎತ್ತುವುದಿಲ್ಲ. ಅದರಲ್ಲಿ ತನಗೆ ಸಂಬಂಧಿಸಿದ್ದೇನೋ ಇದೆ, ಅದು ಇರಬಾರದಿತ್ತು ಎಂದು ಅವಳಿಗೇ ಅನ್ನಿಸಿರುತ್ತದೆ. ‘ದೊಡ್ಡ ಮನಸ್ಸು’ ಎಂಬುದನ್ನು ನಾನು ಹೊಡೆದುಹಾಕಲಿಲ್ಲ. ಖಾಲಿ ಜಾಗದಲ್ಲಿ ಬೇರೆ ಶಾಯಿಯಲ್ಲಿ ಬರೆದೆ: ‘ಕೊಟ್ಟದ್ದು ವಿಧವೆಗೋ, ಅನ್ನಾ ನೋಡಲೆಂದೋ?’ ಮೊದಲ ಅಭಿಪ್ರಾಯ ಪೆದ್ದಾಗಿದ್ದರೂ ಇರಲಿ. ತಿದ್ದಿಬಿಟ್ಟರೆ ನೀವು ಎಲ್ಲಿ ಮೋಸಹೋದಿರಿ ಎಂಬುದೇ ಅಳಿಸಿಹೋಗುತ್ತದೆ.

ಹೆಸರುಗಳ ಕಾಟವೂ ಇದೆ. ಸ್ಟೀವಾ, ಸ್ಟೆಪಾನ್ ಅರ್ಕಾದ್ಯೆವಿಚ್, ಅಬ್ಲಾನ್‌ಸ್ಕಿ ಮೂವರೂ ಒಬ್ಬನೇ. ಡಾಲಿಯೇ ದಾರ್ಯಾ ಅಲೆಕ್ಸಾಂಡ್ರೊವ್ನಾ. ಅನ್ನಾಳ ಗಂಡನೂ ವ್ರೋನ್‌ಸ್ಕಿಯೂ ಇಬ್ಬರೂ ಅಲೆಕ್ಸಿಗಳೇ ಬೇರೆ! ಇದನ್ನು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಹಾಕಿ, ಟಿಪ್ಪಣಿಗಳ ನಡುವೆ ತರಬೇಡಿ. ಇಷ್ಟವಾದ ಸಾಲುಗಳನ್ನು ಇಳಿಸಿಕೊಳ್ಳುವ ಚಪಲವೂ ಬೇಡ, ಪುಟಸಂಖ್ಯೆ ಸಾಕು.

ನೀವೀಗ ಮೂರನೇ ಭಾಗದಲ್ಲಿದ್ದೀರಿ. ಮೊದಲಿನಿಂದ ಓದಬೇಡಿ. ಮಸುಕಾಗಿದ್ದರೂ ಸರಿ, ಹಿಂದಿನ ಎರಡು ಭಾಗಗಳಲ್ಲಿ ಏನು ಉಳಿದಿದೆಯೋ ಅದನ್ನು ಇವತ್ತು ರಾತ್ರಿ ಬರೆಯಿರಿ. ಕುದುರೆ ಪಂದ್ಯದ ದಿನ ಅನ್ನಾ ಗಂಡನಿಗೆ ಏನು ಹೇಳಿದಳೆಂಬುದು ನೆನಪಿದ್ದರೆ ಮುಂದೆ ಹೋಗಬಹುದು. ಇಲ್ಲದಿದ್ದರೆ ಎರಡನೇ ಭಾಗದ ಆ ಕೆಲವು ಅಧ್ಯಾಯಗಳನ್ನಷ್ಟೇ ಮತ್ತೆ ತಿರುವಿ.

— ಸಂ.