ಘಾಟಿ ಆಚೆ ಪರೀಕ್ಷೆ ಇದ್ದರೆ ಯಾವಾಗ ಹೊರಡಬೇಕು?

ಪ್ರಶ್ನೆ: ನಾನು ಹಾಸನದವಳು. ಜುಲೈ ಕೊನೆಯ ಶನಿವಾರ ಮಂಗಳೂರಲ್ಲಿ ಬ್ಯಾಂಕ್ ಪರೀಕ್ಷೆ ಇದೆ, ಬೆಳಿಗ್ಗೆ 8 ಗಂಟೆಗೆ ರಿಪೋರ್ಟಿಂಗ್. ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಬೆಳಗಿನ ಜಾವ ಇಳಿಯುತ್ತೀಯ, ಲಾಡ್ಜ್ ಖರ್ಚು ಯಾಕೆ ಅಂತಾರೆ ಅಪ್ಪ. ಅಣ್ಣ ಎರಡು ದಿನ ಮುಂಚೆನೇ ಹೋಗು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಶುಕ್ರವಾರ ಬೆಳಿಗ್ಗೆ 6 ಗಂಟೆ ಹೊತ್ತಿಗೆ ಹಾಸನ ಬಿಡಿ. ರಾತ್ರಿ ಬಸ್ ಬೇಡ. ಸಂಜೆ ಬಸ್ಸೂ ಬೇಡ. ಅಣ್ಣ ಹೇಳಿದ ಹಾಗೆ ಇನ್ನೂ ಒಂದು ದಿನ ಮುಂಚೆ ಹೋಗಬೇಕಾದ ಸಂದರ್ಭ ಎರಡೇ ಎರಡಿವೆ, ಅವನ್ನು ಆಮೇಲೆ ಹೇಳುತ್ತೇನೆ.

ಪರೀಕ್ಷೆ ಬೆಂಗಳೂರಲ್ಲಿ ಇದ್ದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಒಂದು ಬಸ್ ಕೆಟ್ಟರೆ ಹಿಂದೆ ಇನ್ನೊಂದು ಬರುತ್ತೆ, ಕುಣಿಗಲ್ ಕಡೆಯಿಂದ ರೈಲೂ ಇದೆ, ಹಿಂದಿನ ದಿನ ಸಂಜೆ ಹೋಗಿ ಮಲಗಿದರೆ ಸಾಕು. ಆ ಕಡೆ ತಡ ಆಯಿತು ಅಂದರೆ ಒಂದೆರಡು ಗಂಟೆ ತಡ. ಮಳೆಗಾಲದಲ್ಲಿ ಮಂಗಳೂರು ಕಡೆ ಹಾಗಲ್ಲ. ಅಲ್ಲಿ ಗಂಟೆ ಲೆಕ್ಕದಲ್ಲಿ ತಡ ಆಗುವುದಿಲ್ಲ, ದಾರಿಯೇ ಮುಚ್ಚಿಹೋಗುತ್ತೆ.

ನಮ್ಮ ಕಡೆಯವರು ತಪ್ಪು ಮಾಡುವುದು ಇಲ್ಲೇ. ಶಿರಾಡಿ ಬಂದ್ ಆದರೆ ಚಾರ್ಮಾಡಿ ಇದೆಯಲ್ಲ, ಅದೂ ಇಲ್ಲದಿದ್ದರೆ ರೈಲು ಇದೆಯಲ್ಲ ಅಂದುಕೊಳ್ಳುತ್ತಾರೆ. ಆದರೆ ಈ ಮೂರೂ ಇಳಿಯುವುದು ಪಶ್ಚಿಮ ಘಟ್ಟದ ಒಂದೇ ಬದಿಯಲ್ಲಿ, ಬೀಳುವುದು ಒಂದೇ ಮಳೆ. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲು ಹತ್ತಿರ ಗುಡ್ಡ ಹೆದ್ದಾರಿ ಮೇಲೆ ಬಂತು. ಅದೇ ತಿಂಗಳು ಯಡಕುಮರಿ ಕಡೆ ರೈಲು ಹಳಿ ಕೆಳಗಿನ ಮಣ್ಣೂ ಜಾರಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದಾಗ ತಿಂಗಳುಗಟ್ಟಲೆ ಬಸ್ ಓಡಾಡಲಿಲ್ಲ. ಹಾಗಾಗಿ ಮೂರು ದಾರಿ ಇವೆ ಅಂತ ಲೆಕ್ಕ ಹಾಕಬೇಡಿ, ಜೋರು ಮಳೆ ದಿನ ಅವು ಮೂರೂ ಸೇರಿ ಒಂದೇ ದಾರಿ. ನಿಮ್ಮ ಕೈಯಲ್ಲಿರುವುದು ಹಗಲು ಮಾತ್ರ.

ಅದು ಹೇಗೆ ಅಂತ ನಿಮ್ಮ ಶುಕ್ರವಾರವನ್ನೇ ಇಟ್ಟುಕೊಂಡು ನೋಡೋಣ. ಬೆಳಿಗ್ಗೆ 6ಕ್ಕೆ ಹಾಸನ ಬಿಟ್ಟರೆ 7ರ ಸುಮಾರಿಗೆ ಸಕಲೇಶಪುರ. ಎಲ್ಲ ಸರಿ ಇದ್ದರೆ ದೋಣಿಗಲ್, ಮಾರನಹಳ್ಳಿ ದಾಟಿ ಘಾಟಿ ಇಳಿದು ಗುಂಡ್ಯ, ಅಲ್ಲಿಂದ ಉಪ್ಪಿನಂಗಡಿ, ಬಿ.ಸಿ.ರೋಡ್. 11 ಗಂಟೆ ಒಳಗೆ ಮಂಗಳೂರಲ್ಲಿ ಇರುತ್ತೀರಿ. ಈಗ ಘಾಟಿ ಬಂದ್ ಅಂತ ಇಟ್ಟುಕೊಳ್ಳಿ. ಆ ಸುದ್ದಿ ನಿಮಗೆ ಸಕಲೇಶಪುರ ಬಸ್ ಸ್ಟ್ಯಾಂಡಲ್ಲೇ ಗೊತ್ತಾಗುತ್ತೆ, ಬಸ್ಸುಗಳು ಅಲ್ಲೇ ಸಾಲಾಗಿ ನಿಂತಿರುತ್ತವೆ. ಕಾಯುತ್ತಾ ಕೂರಬೇಡಿ. 'ಇನ್ನೊಂದು ಗಂಟೆಯಲ್ಲಿ ಬಿಡ್ತಾರಂತೆ' ಅನ್ನುವ ಮಾತು ಮಧ್ಯಾಹ್ನದವರೆಗೂ ಅದೇ ಮಾತಾಗಿ ಉಳಿಯುತ್ತೆ. ತಕ್ಷಣ ಹಾಸನಕ್ಕೆ ವಾಪಸ್ ಬಂದರೆ 8.30, ಅರಕಲಗೂಡು, ಕುಶಾಲನಗರ ಮೇಲೆ ಮಡಿಕೇರಿ ಸೇರುವಾಗ ಸುಮಾರು 12.30. ಅಲ್ಲಿಂದ ಸಂಪಾಜೆ ಇಳಿದು ಸುಳ್ಯ, ಪುತ್ತೂರು ಹಾದು ಮಂಗಳೂರು ಮುಟ್ಟುವಾಗ ಸಂಜೆ 5, ಮಳೆ ಜಾಸ್ತಿ ಇದ್ದರೆ 6. ಸುಸ್ತಾಗುತ್ತೆ ನಿಜ. ಆದರೆ ಊಟ ಮಾಡಿ ಮಲಗುವುದಕ್ಕೆ ರಾತ್ರಿ ಪೂರ್ತಿ ಉಳಿದಿರುತ್ತೆ.

ಇದೇ ಲೆಕ್ಕವನ್ನು ಅಪ್ಪ ಹೇಳಿದ ರಾತ್ರಿ ಬಸ್ಸಿಗೆ ಹಾಕಿ. 11ಕ್ಕೆ ಹತ್ತಿದಿರಿ, ಮಧ್ಯರಾತ್ರಿ ಮಾರನಹಳ್ಳಿ ಹತ್ತಿರ ಮರವೋ ಮಣ್ಣೋ ಅಡ್ಡ ಬಿತ್ತು. ಕತ್ತಲಲ್ಲಿ, ಮಳೆಯಲ್ಲಿ ಜೆಸಿಬಿ ಬಂದು ತೆಗೆಯುವುದು ನಿಧಾನ. ಹಿಂದೆ ಲಾರಿ ಸಾಲು ನಿಂತಿರುತ್ತೆ, ಬಸ್ ತಿರುಗಿಸುವುದಕ್ಕೂ ಜಾಗ ಇರುವುದಿಲ್ಲ. ವಾಪಸ್ ಬಂದರೂ ಆ ಹೊತ್ತಿನಲ್ಲಿ ಮಡಿಕೇರಿಗೆ ಬಸ್ ಎಲ್ಲಿ ಸಿಗುತ್ತೆ? ನಾನು ಪಾಠ ಮಾಡುತ್ತಿದ್ದ ಹುಡುಗನೊಬ್ಬ ಹೀಗೇ ಸಿಕ್ಕಿಹಾಕಿಕೊಂಡಿದ್ದ. ಬೆಳಿಗ್ಗೆ 7.40ಕ್ಕೆ ಫೋನ್ ಮಾಡಿ 'ಸರ್, ಇನ್ನೂ ಗುಂಡ್ಯದಲ್ಲಿದ್ದೀನಿ' ಅಂದ. ಹಿಂದೆ ಮಳೆ ತಗಡಿನ ಮೇಲೆ ಬೀಳುವ ಸದ್ದು ಕೇಳುತ್ತಿತ್ತು. ನನಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ವರ್ಷವಿಡೀ ಓದಿದ್ದ ಹುಡುಗ ಅವನು. ಇವತ್ತಿಗೂ ಜುಲೈ ಬಂದರೆ ಆ ಫೋನ್ ನೆನಪಾಗುತ್ತೆ.

ಬಸ್ ತಡ ಆಗದಿದ್ದರೂ ರಾತ್ರಿ ಪ್ರಯಾಣದಲ್ಲಿ ನಷ್ಟ ಇದೆ. ಘಾಟಿ ತಿರುವಿನಲ್ಲಿ ನಿದ್ದೆ ಬರುವುದಿಲ್ಲ, ಕೆಲವರಿಗೆ ವಾಂತಿ ಬೇರೆ. ಬೆಳಗಿನ ಜಾವ 4 ಗಂಟೆಗೆ ಬಿಜೈ ಬಸ್ ಸ್ಟ್ಯಾಂಡಲ್ಲಿ ಇಳಿದು, ಮುಖ ತೊಳೆಯಲು ಜಾಗ ಹುಡುಕಿ, ಒದ್ದೆ ಬಟ್ಟೆಯಲ್ಲೇ ಹೋಗಿ ಕಂಪ್ಯೂಟರ್ ಮುಂದೆ ಕೂತರೆ ಲೆಕ್ಕದ ಪ್ರಶ್ನೆ ತಲೆಗೆ ಹೋಗುವುದಿಲ್ಲ. ಅಪ್ಪನಿಗೆ ಒಂದು ರಾತ್ರಿಯ ಲಾಡ್ಜ್ ಬಾಡಿಗೆಯನ್ನು ಈ ಲೆಕ್ಕದಲ್ಲೇ ಹೇಳಿ, ಒಪ್ಪುತ್ತಾರೆ.

ಇನ್ನು ಅಣ್ಣನ ಮಾತಿಗೆ ಬರೋಣ. ಹವಾಮಾನ ಇಲಾಖೆ ಮುಂದಿನ ಕೆಲವು ದಿನಕ್ಕೆ ಜಿಲ್ಲೆವಾರು ಮುನ್ಸೂಚನೆ ಕೊಡುತ್ತೆ. ಬುಧವಾರ ಸಂಜೆ ಹಾಸನ, ಕೊಡಗು, ದಕ್ಷಿಣ ಕನ್ನಡ ಮೂರೂ ನೋಡಿ. ಗುರುವಾರ ಅಥವಾ ಶುಕ್ರವಾರಕ್ಕೆ ರೆಡ್ ಅಲರ್ಟ್ ಇದ್ದರೆ, ಅಂದರೆ ದಿನಕ್ಕೆ 204 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಅಂತಿದ್ದರೆ, ಗುರುವಾರ ಬೆಳಿಗ್ಗೆಯೇ ಹೊರಡಿ. ಆರೆಂಜ್ ಇದ್ದು, ಅದಕ್ಕೂ ಮುಂಚೆ ನಾಲ್ಕೈದು ದಿನದಿಂದ ಬಿಡದೆ ಸುರಿಯುತ್ತಿದ್ದರೂ ಹಾಗೇ ಮಾಡಿ, ಯಾಕೆಂದರೆ ಮಣ್ಣು ನೀರು ಕುಡಿದು ಭಾರ ಆದ ಮೇಲೆ ಗುಡ್ಡ ಜಾರಲು ದೊಡ್ಡ ಮಳೆಯೇ ಬೇಕಾಗಿಲ್ಲ. ಕೊಡಗನ್ನೂ ನೋಡಿ ಅಂದಿದ್ದಕ್ಕೆ ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ರಸ್ತೆಯೂ ಕೊಚ್ಚಿಹೋಗಿತ್ತು, ಅಂಥ ವಾರದಲ್ಲಿ ನಾನು ಮೇಲೆ ಹೇಳಿದ ಸುತ್ತುದಾರಿ ಇರುವುದೇ ಇಲ್ಲ. ಇಂಥದ್ದೇನೂ ಇಲ್ಲ ಅಂದರೆ ಸುಮ್ನೆ ಎರಡು ರಾತ್ರಿ ಲಾಡ್ಜ್‌ನಲ್ಲಿ ಕೂರುವುದು ಬೇಡ, ಗುರುವಾರ ಮನೆ ಹಾಸಿಗೆಯಲ್ಲೇ ಮಲಗಿ.

ರೂಮ್ ಮಾಡುವ ಮುಂಚೆ ಕಾಲ್ ಲೆಟರ್‌ನಲ್ಲಿರುವ ಕಾಲೇಜಿನ ವಿಳಾಸ ಪೂರ್ತಿ ಓದಿ. ಕೇಂದ್ರ 'ಮಂಗಳೂರು' ಅಂತಿದ್ದರೂ ಕಾಲೇಜು ಅಡ್ಯಾರಿನಲ್ಲೋ, ವಾಮಂಜೂರಿನಲ್ಲೋ, ಮೂಡುಬಿದಿರೆಯಲ್ಲೋ ಇರಬಹುದು. ಅಡ್ಯಾರ್ ಆದರೆ ನೀವು ಬರುವ ಹೆದ್ದಾರಿಯಲ್ಲೇ ಸಿಗುತ್ತೆ, ಬಿ.ಸಿ.ರೋಡ್ ದಾಟಿದ ಮೇಲೆ. ಮೂಡುಬಿದಿರೆ ಆದರೆ ಪೇಟೆಯಿಂದ ಸುಮಾರು 35 ಕಿಲೋಮೀಟರ್, ಆಗ ಮಂಗಳೂರಲ್ಲಿ ಉಳಿಯುವುದಕ್ಕೆ ಅರ್ಥವೇ ಇಲ್ಲ, ಮೂಡುಬಿದಿರೆಯಲ್ಲೇ ರೂಮ್ ನೋಡಿ. ಶುಕ್ರವಾರ ಮಧ್ಯಾಹ್ನ ಬ್ಯಾಗ್ ಇಟ್ಟು, ಊಟ ಮಾಡಿ, ಬೆಳಿಗ್ಗೆ ಹೋಗುವ ಬಸ್ಸಲ್ಲೇ ಕಾಲೇಜಿನ ಗೇಟ್‌ವರೆಗೆ ಒಂದು ಸಲ ಹೋಗಿ ಬನ್ನಿ. ಸ್ಟಾಪ್‌ನಿಂದ ಗೇಟಿಗೆ ನಡೆಯಲು ಎಷ್ಟು ಹೊತ್ತು ಬೇಕು ನೋಡಿಕೊಳ್ಳಿ. ಬೆಳಿಗ್ಗೆ 6.15ಕ್ಕೆ ಮೊದಲ ಬಸ್ ಇದೆಯಾ ಅಂತ ಕಂಡಕ್ಟರ್ ಹತ್ತಿರವೇ ಕೇಳಿ. 8ಕ್ಕೆ ರಿಪೋರ್ಟಿಂಗ್ ಅಂದರೆ 7.15ಕ್ಕೆ ಗೇಟಲ್ಲಿ ಇರುವ ಹಾಗೆ ಹೊರಡಬೇಕು.

ಕಾಲ್ ಲೆಟರ್‌ಗೆ ಅಂಟಿಸಿದ ಫೋಟೊ ಮಳೆಗೆ ನೆನೆದರೆ ಗೋಂದು ಬಿಟ್ಟು ಮೂಲೆ ಏಳುತ್ತೆ. ಎರಡು ಪ್ರಿಂಟ್, ಇನ್ನೆರಡು ಫೋಟೊ, ಒರಿಜಿನಲ್ ಗುರುತಿನ ಚೀಟಿ ಮತ್ತು ಅದರ ಜೆರಾಕ್ಸ್ ಒಂದು ಜಿಪ್ ಕವರ್‌ನಲ್ಲಿ ಹಾಕಿ. ಆ ಕವರ್ ಬಸ್ಸಿನಲ್ಲಿ ನಿಮ್ಮ ಮಡಿಲಲ್ಲೇ ಇರಲಿ, ಮೇಲಿನ ಕ್ಯಾರಿಯರ್‌ನಲ್ಲಿ ಬೇಡ. ಮಳೆಗಾಲದಲ್ಲಿ ಕಿಟಕಿ ಪಕ್ಕದ ಮೇಲಿನ ಜಾಗ ಸೋರುತ್ತೆ.