ಐ-20ರ ಎರಡನೇ ಪುಟ ಮತ್ತು ಒಂದು ವಾರದ ಅವಸರ

"ಅಣ್ಣಾ, ನಾನು ಶಿವಮೊಗ್ಗದವನು. ಅಮೆರಿಕಕ್ಕೆ ಎಂಎಸ್‌ಗೆ ಬಂದು ಎರಡನೇ ಸೆಮಿಸ್ಟರ್. ಇಂಟರ್ನ್‌ಶಿಪ್ ಸಿಕ್ಕಿದೆ, ಮೇ 18ರಿಂದ ಆಗಸ್ಟ್ 7. ಎಫ್-1 ವೀಸಾ ಇದೆ, ಇನ್ನೇನಾದರೂ ಬೇಕಾ? ಮ್ಯಾನೇಜರ್ ಒಂದು ವಾರ ಮೊದಲೇ ಮನೆಯಿಂದ ಲಾಗಿನ್ ಆಗು ಅಂತಿದ್ದಾರೆ. ಆಗಸ್ಟಲ್ಲಿ ಊರಿಗೆ ಹೋಗಿ ಬರಬಹುದಾ? ಊಟ, ಚಳಿ ಬಗ್ಗೆಯೂ ಹೇಳಿ."

ಊಟದ್ದು ಬಿಡು ತಮ್ಮಾ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಇನ್ನೂ ಇರತ್ತೆ, ಅನ್ನ ಮಾಡೋಕೆ ಬಂದರೆ ಸಾಕು. ಚಳಿಗೆ ಒಳ್ಳೆಯ ಜಾಕೆಟ್ ತಗೋ.

ವೀಸಾ ವಿಷಯಕ್ಕೆ ಬರೋಣ. ನಾನೂ ತೀರ್ಥಹಳ್ಳಿಯಿಂದ ಬಂದಾಗ ಪಾಸ್‌ಪೋರ್ಟಿನ ಆ ಚೀಟಿಯೇ ಎಲ್ಲಕ್ಕೂ ಅಪ್ಪಣೆ ಅಂದುಕೊಂಡಿದ್ದೆ. ಅದು ದೇಶದೊಳಗೆ ಬರೋದಕ್ಕೆ ಮಾತ್ರ. ಕ್ಯಾಂಪಸ್ ಹೊರಗೆ ಕೆಲಸ ಮಾಡೋಕೆ ಬೇರೆ ಅನುಮತಿ ಬೇಕು. ಓದುವಾಗಿನ ಇಂಟರ್ನ್‌ಶಿಪ್‌ಗೆ ಅದರ ಹೆಸರು ಸಿಪಿಟಿ. ಕೊಡುವವರು ನಿನ್ನ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ. ಸಾಮಾನ್ಯವಾಗಿ ಒಂದು ಅಕಾಡೆಮಿಕ್ ವರ್ಷ ಪೂರ್ತಿ ಓದಿರಬೇಕು. ನಿನಗೆ ಮೇ ತಿಂಗಳಿಗೆ ಎರಡು ಸೆಮಿಸ್ಟರ್ ಮುಗಿಯುತ್ತೆ, ಆ ಚಿಂತೆ ಇಲ್ಲ. ಕೆಲಸ ನಿನ್ನ ಕೋರ್ಸಿನ ಭಾಗ ಆಗಿರಬೇಕು, ಅದಕ್ಕೇ ತುಂಬಾ ಕಡೆ ಇಂಟರ್ನ್‌ಶಿಪ್ ಕ್ರೆಡಿಟ್‌ಗೆ ರಿಜಿಸ್ಟರ್ ಮಾಡಿಸುತ್ತಾರೆ. ಅದಕ್ಕೆ ಫೀಸು ಎಷ್ಟು ಅಂತ ಮೊದಲೇ ಕೇಳು.

ಆಫರ್ ಲೆಟರ್‌ನಲ್ಲಿ ಕಂಪನಿ ಹೆಸರು, ಕೆಲಸದ ಜಾಗ, ವಾರಕ್ಕೆ ಎಷ್ಟು ಗಂಟೆ, ಶುರು ಮತ್ತು ಕೊನೆ ತಾರೀಖು ಸ್ಪಷ್ಟವಾಗಿರಲಿ. ಅದನ್ನು ನೋಡಿ ಡಿಎಸ್‌ಒ ಹೊಸ ಐ-20 ಕೊಡುತ್ತಾರೆ, ಅಂದರೆ ನೀನು ಅವರ ವಿದ್ಯಾರ್ಥಿ ಅಂತ ಯೂನಿವರ್ಸಿಟಿ ಕೊಡುವ ದಾಖಲೆ. ಸಿಪಿಟಿ ಅನುಮತಿ ಅದರಲ್ಲೇ ಅಚ್ಚಾಗಿರುತ್ತೆ. ಕೈಗೆ ಬಂದ ಕೂಡಲೇ ಎರಡನೇ ಪುಟ ತಿರುಗಿಸು. ಕಂಪನಿ ಹೆಸರು ಸರಿಯಾಗಿದೆಯಾ, ಮೇ 18 ಅಂತಲೇ ಇದೆಯಾ, ಫುಲ್ ಟೈಮ್ ಅಂತ ಇದೆಯಾ ನೋಡು. ವಾರಕ್ಕೆ 20 ಗಂಟೆ ದಾಟಿದರೆ ಫುಲ್ ಟೈಮ್. ಫುಲ್ ಟೈಮ್ ಸಿಪಿಟಿ ಒಟ್ಟು 12 ತಿಂಗಳು ತುಂಬಿದರೆ ಓದು ಮುಗಿದ ಮೇಲೆ ಕೆಲಸ ಮಾಡೋಕೆ ಸಿಗುವ ಒಪಿಟಿ ಅನ್ನೋ ಅನುಮತಿ ಕೈತಪ್ಪುತ್ತೆ. ನಿನ್ನದು ಬರೀ 12 ವಾರ, ತೊಂದರೆ ಇಲ್ಲ.

ಈಗ ಆ ಒಂದು ವಾರ. ಬೇಡ ಅಂತ ಹೇಳು. ಮನೆಯಿಂದ ಲಾಗಿನ್ ಆದರೂ, ಸುಮ್ನೆ ಟ್ರೈನಿಂಗ್ ವಿಡಿಯೋ ನೋಡಿದರೂ, ಕಂಪನಿಯ ಲೆಕ್ಕದಲ್ಲಿ ಅದು ಕೆಲಸವೇ. ಸಂಬಳ ತಗೊಳ್ಳಲ್ಲ ಅಂದರೂ ಬಚಾವಾಗಲ್ಲ. ಬೇರೆಯವರಿಗೆ ಸಂಬಳ ಕೊಡುವ ಕೆಲಸವನ್ನು ನೀನು ಪುಕ್ಕಟೆ ಮಾಡಿದರೂ ಅನುಮತಿ ಬೇಕು. ನಮ್ಮ ಕಡೆ ಕೊನೆಗಾರ ಮೊದಲು ಮರ ಹತ್ತುತ್ತಾನೆ, ಲೆಕ್ಕ ಆಮೇಲೆ ಜಗುಲಿಯಲ್ಲಿ. ಆ ಅಭ್ಯಾಸ ಇಲ್ಲಿಗೆ ತರಬೇಡ. ಕರೆದರೆ ಇಲ್ಲ ಅನ್ನಬಾರದು ಅಂತ ಬೆಳೆದವರು ನಾವು, ಅದೇ ಕಷ್ಟ.

ನನ್ನ ರೂಮ್‌ಮೇಟ್ ಸಾಗರದ ಕಡೆಯವನು. ನಮ್ಮೆಲ್ಲರಿಗಿಂತ ಬುದ್ಧಿವಂತ. ಹೀಗೇ ಕರೆದರು ಅಂತ ಸಿಪಿಟಿ ತಾರೀಖಿಗೆ ಮೊದಲೇ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಶುರು ಮಾಡಿದ. ಆಗ ಯಾರೂ ಏನೂ ಕೇಳಲಿಲ್ಲ. ಮುಂದಿನ ವರ್ಷ ಇನ್ನೊಂದು ಸಿಪಿಟಿಗೆ ಅರ್ಜಿ ಹಾಕುವಾಗ ಹಳೆ ಕೆಲಸದ ಅನುಭವದಲ್ಲಿ ನಿಜವಾದ ತಾರೀಖನ್ನೇ ಬರೆದ. ಸುಳ್ಳು ಹೇಳಿ ಗೊತ್ತಿರದ ಹುಡುಗ. ಆಫೀಸಿನವರು ಹಳೇ ಐ-20 ಪಕ್ಕದಲ್ಲಿಟ್ಟು ನೋಡಿದರು. ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸರ್ಕಾರಿ ವ್ಯವಸ್ಥೆ ಸೆವಿಸ್‌ನಲ್ಲಿ ಅವನ ರೆಕಾರ್ಡ್ ರದ್ದಾಯಿತು. ಬೇರೆ ತಪ್ಪುಗಳಾದರೆ ಸ್ಟೇಟಸ್ ವಾಪಸ್ ಕೇಳಿಕೊಳ್ಳುವ ದಾರಿ ಇದೆ. ಅನುಮತಿ ಇಲ್ಲದೆ ಕೆಲಸ ಮಾಡಿದವರಿಗೆ ಆ ದಾರಿಯೂ ಮುಚ್ಚಿರುತ್ತೆ. ಡಿಗ್ರಿ ಅರ್ಧಕ್ಕೆ ಬಿಟ್ಟು ಹೊರಟ. ಆ ಮೇಜಿನ ಎದುರು ದಿನಾ ಕೂತು ಕಾಫಿ ಕುಡಿದವನು ನಾನು. ನನಗೂ ಆಗ ಈ ನಿಯಮ ಗೊತ್ತಿರಲಿಲ್ಲ. ಈಗಲೂ ಊರಿಗೆ ಹೋದಾಗ ಅವನ ಮನೆಗೆ ಹೋಗ್ತೀನಿ, ಈ ಮಾತು ಮಾತ್ರ ಇಬ್ಬರೂ ಎತ್ತಲ್ಲ.

ಮ್ಯಾನೇಜರ್‌ಗೆ ನೇರವಾಗಿ ಬರೆ: ನನ್ನ ಅನುಮತಿ ಮೇ 18ಕ್ಕೆ ಶುರು, ಅದಕ್ಕೆ ಮೊದಲು ಕೆಲಸ ಮಾಡುವ ಹಾಗಿಲ್ಲ. ಅವರಿಗೆ ನಿಜವಾಗಿ ಮೇ 11ಕ್ಕೇ ಬೇಕಿದ್ದರೆ ಆಫರ್ ಲೆಟರ್ ತಿದ್ದಿ ಕೊಡಲಿ, ಸೆಮಿಸ್ಟರ್ ಮುಗಿದಿದ್ದರೆ ಡಿಎಸ್‌ಒ ಆ ತಾರೀಖಿಗೇ ಕೊಡಬಹುದು. ಆಗಸ್ಟ್ 7 ಆದ ಮೇಲೆ ಇನ್ನೊಂದು ವಾರ ಇರು ಅಂದರೂ ಇದೇ ಉತ್ತರ. ತಾರೀಖು ಮೊದಲು ಮುಂದೆ ಹೋಗಬೇಕು, ಕೆಲಸ ಆಮೇಲೆ.

ಖಾಲಿ ಇರುವ ಆ ವಾರದಲ್ಲಿ ಸೋಶಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ ಆ ನಂಬರಿಗೆ ಅರ್ಜಿ ಹಾಕಿ ಬಾ. ಕೆಲಸ ಶುರುವಾಗೋಕೆ 30 ದಿನಕ್ಕಿಂತ ಜಾಸ್ತಿ ಇದ್ದರೆ ಅರ್ಜಿ ತಗೊಳ್ಳಲ್ಲ. ಪಾಸ್‌ಪೋರ್ಟ್, ದೇಶದೊಳಗೆ ಬಂದದ್ದಕ್ಕೆ ದಾಖಲೆಯಾದ ಐ-94, ಹೊಸ ಐ-20, ಆಫರ್ ಲೆಟರ್ ಇಟ್ಟುಕೋ. ಸೇರಿದ ಮೇಲೆ ಕಂಪನಿಯವರು ಕೆಲಸದ ಅನುಮತಿ ಪರಿಶೀಲಿಸುವ ಐ-9 ಫಾರ್ಮ್‌ಗೆ ಕೇಳೋದೂ ಹೆಚ್ಚುಕಮ್ಮಿ ಇವನ್ನೇ.

ಆಗಸ್ಟಲ್ಲಿ ಊರಿಗೆ ಖಂಡಿತ ಹೋಗಬಹುದು, ವೀಸಾ ಅವಧಿ ಬಾಕಿ ಇದ್ದರೆ. ಆದರೆ ಪ್ರಯಾಣಕ್ಕೆ ಡಿಎಸ್‌ಒ ಹಾಕುವ ಸಹಿ ಹಳೇ ಐ-20ರಲ್ಲಿ ಇರತ್ತೆ, ಹೊಸದರಲ್ಲಿ ಆ ಜಾಗ ಖಾಲಿ ಇರಬಹುದು. ಸಿಪಿಟಿ ಕೇಳುವಾಗಲೇ ಅದನ್ನೂ ಹಾಕಿಸಿಕೋ. ಟಿಕೆಟ್ ಆಮೇಲೆ ಮಾಡು. ಆಗುಂಬೆ ಘಾಟಿಯಲ್ಲಿ ಆಗ ಜಡಿಮಳೆ, ಮಂಗಳೂರಿಗೆ ಇಳಿಯೋದಕ್ಕಿಂತ ಬೆಂಗಳೂರಿಗೆ ಇಳಿದು ರೈಲು ಹಿಡಿಯೋದು ವಾಸಿ.