ಹತ್ತು ವರ್ಷ ಮುಟ್ಟದ ಖಾತೆ: ದಂಡ ಎಲ್ಲಿಯವರೆಗೆ, ಉಳಿದ ಹಣ ಎಲ್ಲಿ?

ಪ್ರಶ್ನೆ: ಮದುವೆಗೆ ಮುಂಚೆ ದಾವಣಗೆರೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿ ಸಂಬಳಕ್ಕೆ ಅಂತ ಖಾಸಗಿ ಬ್ಯಾಂಕೊಂದರಲ್ಲಿ ಖಾತೆ ತೆರೆಸಿದ್ದರು. 2014ರ ಆಗಸ್ಟ್ 18ರಂದು ಕೊನೆಯ ಸಲ ಹಣ ತೆಗೆದೆ. ಆಗ 8,640 ರೂಪಾಯಿ ಉಳಿದಿತ್ತು. ಆಮೇಲೆ ಹರಿಹರಕ್ಕೆ ಬಂದೆ, ಖಾತೆ ಮರೆತೇ ಹೋಯಿತು. ಈಗ ಸ್ಟೇಟ್‌ಮೆಂಟ್ ತೆಗೆಸಿದರೆ, 2015 ಮತ್ತು 2017ರ ನಡುವೆ ಮೂರು ತಿಂಗಳಿಗೊಮ್ಮೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ 225 ರೂಪಾಯಿ ಹಿಡಿದಿದ್ದಾರೆ, ಒಟ್ಟು ಹನ್ನೆರಡು ಸಲ. ಕೊನೆಗೆ ಉಳಿದ 8,412 ರೂಪಾಯಿಯನ್ನು 2024ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐಗೆ ಕಳಿಸಿದ್ದೇವೆ ಅನ್ನುತ್ತಾರೆ. ದಂಡ ಹಿಡಿದದ್ದು ಸರಿಯಾ? ಆ ಹಣ ಇನ್ನು ಸಿಗುತ್ತಾ?
ಒಬ್ಬ ಓದುಗಿ, ಹರಿಹರ

ಉತ್ತರ: ಹಣ ಸಿಗುತ್ತದೆ. ದಂಡದಲ್ಲಿ ಅರ್ಧದಷ್ಟು ವಾಪಸ್ ಕೇಳುವ ಹಕ್ಕೂ ನಿಮಗಿದೆ. ಮೊದಲು ದಂಡದ ಲೆಕ್ಕ ನೋಡೋಣ, ಎಡವಟ್ಟಾಗಿರುವುದು ಅಲ್ಲೇ.

ಸ್ಟೇಟ್‌ಮೆಂಟ್ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ, 2016ರ ಆಗಸ್ಟ್ 18ರ ಕೆಳಗೆ. ಖಾತೆದಾರರು ಎರಡು ವರ್ಷಕ್ಕಿಂತ ಜಾಸ್ತಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಆ ಖಾತೆ ನಿಷ್ಕ್ರಿಯ, ಅಂದರೆ ಇನಾಪರೇಟಿವ್. ನಿಷ್ಕ್ರಿಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕಬಾರದು ಅಂತ ಆರ್‌ಬಿಐ 2014ರ ಮೇ ತಿಂಗಳಲ್ಲೇ ಹೇಳಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸೂಚನೆಯಲ್ಲೂ ಅದೇ ಮಾತಿದೆ. ಹಾಗಾಗಿ ಗೆರೆಯ ಕೆಳಗೆ ಬಿದ್ದ ಕಡಿತಕ್ಕೆ ಬ್ಯಾಂಕ್ ಉತ್ತರ ಕೊಡಬೇಕು.

ನಿಮ್ಮ ಹನ್ನೆರಡು ಕಡಿತಗಳಲ್ಲಿ 2015ರ ನಾಲ್ಕು ಮತ್ತು 2016ರ ಮಾರ್ಚ್, ಜೂನ್‌ನ ಎರಡು ಗೆರೆಯ ಮೇಲಿವೆ. ಸಂಬಳ ಬರುವುದು ನಿಂತ ಮೇಲೆ ಸಂಬಳದ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆ ಮಾಡುವ ರೂಢಿ ಇದೆ. ಆಗ ಮಿನಿಮಮ್ ಬ್ಯಾಲೆನ್ಸ್ ಷರತ್ತು ತಾನಾಗೇ ಬಂದು ಕೂರುತ್ತದೆ. ಸುಮ್ನೆ ಬಿಟ್ಟ ಖಾತೆಯ ದುಡ್ಡು ಕರಗುವುದು ಈ ಮೊದಲ ಎರಡು ವರ್ಷದಲ್ಲೇ. 2016ರ ಸೆಪ್ಟೆಂಬರ್‌ನಿಂದ 2017ರ ಡಿಸೆಂಬರ್‌ವರೆಗಿನ ಆರು ಕಡಿತ ಗೆರೆಯ ಕೆಳಗಿವೆ, ಒಟ್ಟು 1,350 ರೂಪಾಯಿ. ಸೆಪ್ಟೆಂಬರ್‌ನ ಒಂದರ ಬಗ್ಗೆ ಬ್ಯಾಂಕ್ ವಾದ ಹೂಡಬಹುದು, ಆ ಮೂರು ತಿಂಗಳಲ್ಲಿ ಅರ್ಧ ಭಾಗ ಖಾತೆ ಇನ್ನೂ ನಿಷ್ಕ್ರಿಯ ಆಗಿರಲಿಲ್ಲವಲ್ಲ. ಉಳಿದ ಐದಕ್ಕೆ, ಅಂದರೆ 1,125 ರೂಪಾಯಿಗೆ, ವಾದವೇ ಇಲ್ಲ.

ಕೌಂಟರ್‌ನಲ್ಲಿ ಒಂದು ಮಾತು ಕೇಳಿಬರಬಹುದು: "ಮೇಡಂ, ಖಾತೆಯಲ್ಲಿ ಎಂಟ್ರಿ ಬರ್ತಾನೇ ಇತ್ತು, ನಿಷ್ಕ್ರಿಯ ಹೇಗಾಗುತ್ತೆ?" ಬ್ಯಾಂಕ್ ತಾನೇ ಹಾಕಿದ ಬಡ್ಡಿ, ತಾನೇ ಹಿಡಿದ ಫೀಸು ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ. ನೀವು ಮಾಡಿದ ಅಥವಾ ನಿಮ್ಮ ಸೂಚನೆಯಂತೆ ನಡೆದ ವ್ಯವಹಾರ ಇದ್ದರೆ ಮಾತ್ರ ಖಾತೆ ಜೀವಂತ. ದಂಡ ಹಿಡಿದು, ಅದೇ ದಂಡವನ್ನು ತೋರಿಸಿ ಖಾತೆ ಓಡುತ್ತಿತ್ತು ಅನ್ನುವುದು ನಡೆಯಲ್ಲ.

ಗೆರೆಯ ಮೇಲಿನ ಆರರಲ್ಲಿ, 2015ರ ಮಾರ್ಚ್‌ನದ್ದು ಬಿಟ್ಟು ಉಳಿದ ಐದರ ಬಗ್ಗೆಯೂ ಒಂದು ಪ್ರಶ್ನೆ ಕೇಳಬಹುದು. 2015ರ ಏಪ್ರಿಲ್ 1ರಿಂದ, ದಂಡ ಹಾಕುವ ಮುಂಚೆ ಬ್ಯಾಂಕ್ ನಿಮಗೆ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಿ, ಹಣ ತುಂಬಲು ಒಂದು ತಿಂಗಳಾದರೂ ಸಮಯ ಕೊಡಬೇಕಿತ್ತು. ಅದನ್ನು ತೋರಿಸಿ ಅನ್ನಿ. ಆದರೆ ನೀವು ನಂಬರ್ ಬದಲಾಯಿಸಿ ಬ್ಯಾಂಕಿಗೆ ಹೇಳದೇ ಇದ್ದರೆ, ಹಳೇ ನಂಬರಿಗೆ ಎಸ್‌ಎಂಎಸ್ ಹೋಗಿದೆ ಅಂತ ಅವರು ಹೇಳಿಬಿಡುತ್ತಾರೆ. ಈ ಆರರ ಮೇಲೆ ನಾನು ಹೆಚ್ಚು ಆಸೆ ಇಡುತ್ತಿರಲಿಲ್ಲ. ಕಾರ್ಡಿನ ವಾರ್ಷಿಕ ಫೀಸು, ಎಸ್‌ಎಂಎಸ್ ಫೀಸು ಅಂತ ಬೇರೆ ಸಾಲುಗಳಿದ್ದರೆ ಅವನ್ನು ಇದರ ಜೊತೆ ಸೇರಿಸಬೇಡಿ. ಮೇಲೆ ಹೇಳಿದ ನಿಷೇಧ ಮಿನಿಮಮ್ ಬ್ಯಾಲೆನ್ಸ್ ದಂಡಕ್ಕೆ ಮಾತ್ರ.

2,700 ರೂಪಾಯಿ ಹೋದರೂ 8,640 ಇದ್ದದ್ದು 8,412ಕ್ಕೆ ನಿಂತದ್ದು ಹೇಗೆ? ಬಡ್ಡಿಯಿಂದ. ಉಳಿತಾಯ ಖಾತೆ ನಿಷ್ಕ್ರಿಯ ಆದರೂ ಬ್ಯಾಂಕ್ ಬಡ್ಡಿ ಹಾಕುತ್ತಲೇ ಇರಬೇಕು. ಕೊನೆಯ ಮೊತ್ತ ಒಂದನ್ನೇ ನೋಡಿದವರಿಗೆ ಇನ್ನೂರು ಚಿಲ್ಲರೆ ಹೋಗಿದೆ ಅಷ್ಟೇ ಅನಿಸುತ್ತದೆ. ನೀವು ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿದ್ದು ಒಳ್ಳೆಯದಾಯಿತು.

ಈಗ ಆರ್‌ಬಿಐಗೆ ಹೋದ ಹಣ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಬಾಕಿಯನ್ನು, ಹತ್ತು ವರ್ಷ ತುಂಬಿದ ಮೂರು ತಿಂಗಳೊಳಗೆ, ಬ್ಯಾಂಕ್ ಆರ್‌ಬಿಐನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸಬೇಕು. ಬ್ಯಾಂಕಿನವರ ಬಾಯಲ್ಲಿ ಇದು "ಡಿಇಎ ಫಂಡ್". ಹಣ ಅಲ್ಲಿಗೆ ಹೋಗುವುದು ಜಪ್ತಿ ಅಲ್ಲ. ನಿಮ್ಮ ಹಕ್ಕು ಹಾಗೇ ಇರುತ್ತದೆ, ಕೇಳುವುದಕ್ಕೆ ಕೊನೆ ದಿನ ಅಂತಲೂ ಇಲ್ಲ. ನಿಧಿಗೆ ಹೋದ ದಿನದಿಂದ ನಿಮ್ಮ ಕೈಗೆ ಬರುವ ದಿನದವರೆಗೆ ಬಡ್ಡಿ ಬರುತ್ತದೆ. 2021ರ ಮೇ 11ರಿಂದ ಆ ದರ ಶೇ. 3, ಅದೂ ಸರಳ ಬಡ್ಡಿ. ನಿಮ್ಮ 8,412ಕ್ಕೆ ವರ್ಷಕ್ಕೆ ಸುಮಾರು 252 ರೂಪಾಯಿ.

ಇದಕ್ಕಾಗಿ ಆರ್‌ಬಿಐ ಕಚೇರಿಗೆ ಅಲೆಯಬೇಕಿಲ್ಲ, ಅರ್ಜಿ ಬ್ಯಾಂಕಿಗೇ ಕೊಡಬೇಕು. ಮೊದಲು ನಿಮಗೆ ಬ್ಯಾಂಕ್ ಹಣ ಕೊಡುತ್ತದೆ, ಆಮೇಲೆ ಅದು ನಿಧಿಯಿಂದ ವಾಪಸ್ ಪಡೆಯುತ್ತದೆ. "ಆರ್‌ಬಿಐನಿಂದ ಬರಲಿ, ಆಮೇಲೆ ನೋಡೋಣ" ಅಂದರೆ ಈ ಕ್ರಮವನ್ನೇ ನೆನಪಿಸಿ. ದಾವಣಗೆರೆಯ ಹಳೇ ಶಾಖೆಗೇ ಹೋಗಬೇಕು ಅಂತಲೂ ಇಲ್ಲ. ಹರಿಹರದಲ್ಲಿ ಅದೇ ಬ್ಯಾಂಕಿನ ಶಾಖೆ ಇದ್ದರೆ ಕೆವೈಸಿ ಅಲ್ಲೇ ಕೊಡಬಹುದು. ಆಧಾರ್, ಪ್ಯಾನ್, ಫೋಟೊ, ಹಳೇ ಪಾಸ್‌ಬುಕ್ ತೆಗೆದುಕೊಂಡು ಹೋಗಿ. ಎಲ್ಲ ದಾಖಲೆ ಸರಿಯಾಗಿ ಕೊಟ್ಟ ಮೇಲೆ ಮೂರು ಕೆಲಸದ ದಿನದೊಳಗೆ ಅರ್ಜಿ ವಿಲೇವಾರಿ ಮಾಡಬೇಕು. ಖಾತೆ ಮತ್ತೆ ಚಾಲೂ ಮಾಡಿಕೊಡುವುದಕ್ಕೆ ಫೀಸು ಇಲ್ಲ.

ತೊಡಕಾಗುವುದು ಹೆಸರಿನಲ್ಲಿ. ಖಾತೆಯಲ್ಲಿ ತವರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು ಇರುವುದು ನಮ್ಮ ಕಡೆ ಮಾಮೂಲಿ. ಮದುವೆ ನೋಂದಣಿ ಪತ್ರ ಜೊತೆಗೆ ಇಟ್ಟುಕೊಳ್ಳಿ, ಎರಡನೇ ಸಲ ಬಸ್ ಹತ್ತುವುದು ತಪ್ಪುತ್ತದೆ. ಯಾರೂ ಕೇಳದೇ ಉಳಿದ ಠೇವಣಿ ಹುಡುಕಲು ಆರ್‌ಬಿಐ ಮಾಡಿರುವ ಜಾಲತಾಣ `udgam.rbi.org.in`ನಲ್ಲಿ ಹುಡುಕುವಾಗಲೂ ಹಳೇ ಹೆಸರನ್ನೇ ಹಾಕಿ, ಜೊತೆಗೆ ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಡಿ. ನಿಮಗೆ ಬ್ಯಾಂಕ್ ಗೊತ್ತಿರುವುದರಿಂದ ಇದು ಕಡ್ಡಾಯವೇನಲ್ಲ. ಆದರೆ ಅಲ್ಲಿ ಸಿಗುವ ಯುಡಿಆರ್‌ಎನ್, ಅಂದರೆ ಆ ಠೇವಣಿಯ ಗುರುತಿನ ನಂಬರನ್ನು, ಅರ್ಜಿಯಲ್ಲಿ ಬರೆದರೆ ಗುಮಾಸ್ತರಿಗೆ ಹುಡುಕಾಟ ಉಳಿಯುತ್ತದೆ. ಪಾಸ್‌ಬುಕ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅಂತ ಇರುವವರು ಎಸ್‌ಬಿಐಗೆ, ವಿಜಯಾ ಬ್ಯಾಂಕಿನವರು ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್‌ನವರು ಕೆನರಾಗೆ ಹೋಗಬೇಕು.

ಅರ್ಜಿ ಎರಡು ಬರೆಯಿರಿ. ಒಂದು 8,412 ಮತ್ತು ಅದರ ಬಡ್ಡಿಗೆ. ಇನ್ನೊಂದು ಆ ಆರು ಕಡಿತಕ್ಕೆ, ದಿನಾಂಕ ಮೊತ್ತ ಒಂದೊಂದಾಗಿ ಬರೆದು. ಒಂದೇ ಕಾಗದದಲ್ಲಿ ಸೇರಿಸಿದರೆ ದಂಡದ ತಕರಾರು ಮುಗಿಯುವವರೆಗೆ ಎರಡೂ ಟೇಬಲ್ ಮೇಲೇ ಕೂರುತ್ತವೆ. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ದಂಡದ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, `cms.rbi.org.in`ನಲ್ಲಿ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೂ ಫೀಸು ಇಲ್ಲ. ಮುದ್ರೆ ಬಿದ್ದ ಆ ಪ್ರತಿಯನ್ನು ಫೋಟೊ ತೆಗೆದು ಅಲ್ಲಿ ಹಾಕಿ.